ಹನ್ನೊಂದು ಪುಟದ ಪಟ್ಟಿ, ಒಂದೇ ತಲೆಬರಹ

2024ರ ಆಗಸ್ಟ್ ಕೊನೆಯ ವಾರ ಒಂದು ಮಹಿಳಾ ಹಾಲು ಉತ್ಪಾದಕರ ಸಂಘಕ್ಕೆ ಗಬ್ಬ ಪರೀಕ್ಷೆಗೆಂದು ಹೋಗಿದ್ದೆ. ಹಾಲು ಅಳೆಯುವ ಕೋಣೆಯ ಗೋಡೆಗೆ ಒಂದು ಪಟ್ಟಿ ಅಂಟಿಸಿದ್ದರು. ಯಾರ ಹಸು ಯಾವ ದಿನ ಕರು ಹಾಕುತ್ತದೆ, ಯಾವ ದಿನ ಹಾಲು ಬತ್ತಿಸಬೇಕು ಎಂಬ ಪಟ್ಟಿ ಅದು. ಕೆಳಗೆ ನನ್ನದೇ ಸಹಿ ಇತ್ತು. ಒಬ್ಬ ಹಿರಿಯ ಸದಸ್ಯೆ ಕ್ಯಾನ್ ಕೆಳಗಿಟ್ಟು ಆ ಪಟ್ಟಿಯ ಮುಂದೆ ನಿಂತು ಕೇಳಿದರು: "ಡಾಕ್ಟ್ರೇ, ಇದರಲ್ಲಿ ನಮ್ಮ ಹಸು ಅಕ್ಟೋಬರ್ 20ಕ್ಕೆ ಈಯ್ತದೆ ಅಂತ ಬರೆದವ್ರೆ. ನನ್ನ ಲೆಕ್ಕದಲ್ಲಿ ದೀಪಾವಳಿ ಕಳೆದ ಮೇಲೆ. ಸಂಕ್ರಾಂತಿ ಹಿಂದಿನ ದಿನ ಹಾಕಿಸಿದ್ದು ನಿಲ್ಲಲೇ ಇಲ್ಲವಲ್ಲ, ಮೂರು ವಾರ ಬಿಟ್ಟು ಮತ್ತೆ ಹಾಕಿಸಿದೆ."

ಅವರು ಹೇಳಿದ್ದೇ ಸರಿ. ತಪ್ಪಿದ್ದು ಗೋಡೆಯ ಮೇಲಿನ ಪಟ್ಟಿ. ಅದರ ಪ್ರಕಾರ ಅವರು ಆಗಸ್ಟ್ 21ರಿಂದಲೇ ಹಾಲು ಬತ್ತಿಸಲು ಶುರು ಮಾಡಿದ್ದರು. ನಿಜವಾಗಿ ಬತ್ತಿಸಬೇಕಾಗಿದ್ದು ಸೆಪ್ಟೆಂಬರ್ 11ಕ್ಕೆ. ನಡುವೆ 21 ದಿನ. ದಿನಕ್ಕೆ 5 ಲೀಟರ್ ಎಂದು ಹಿಡಿದರೂ 105 ಲೀಟರ್ ಹಾಲು ಕಾಗದದ ತಪ್ಪಿಗೆ ಹೋಗುವುದರಲ್ಲಿತ್ತು. ಆ ತಪ್ಪು ಹೇಗಾಯಿತು, ಅದನ್ನು ಹೇಗೆ ಸರಿಮಾಡಿದೆವು ಎಂಬುದನ್ನು ಇಲ್ಲಿ ಬರೆಯುತ್ತೇನೆ. ನಿಮ್ಮಲ್ಲಿ ಹಲವರು ಸಂಘದ ಕಾರ್ಯದರ್ಶಿಗಳು, ಇನ್ನು ಹಲವರ ಮನೆಯಲ್ಲಿ ಕಂಪ್ಯೂಟರ್ ಕಲಿತ ಮಕ್ಕಳಿದ್ದಾರೆ. ಹಳೆಯ ಪಟ್ಟಿಗಳನ್ನು ಫೋನಿನಲ್ಲಿ ಸ್ಕ್ಯಾನ್ ಮಾಡಿ ಎಕ್ಸೆಲ್‌ಗೆ ಏರಿಸುವ ಕೆಲಸ ಈಗ ಎಲ್ಲ ಕಡೆ ನಡೆಯುತ್ತಿದೆ.

ಆ ಸಂಘದ ಕಂಪ್ಯೂಟರ್ ಕೆಟ್ಟು, ಒಳಗಿದ್ದುದೆಲ್ಲ ಹೋಗಿತ್ತು. ಉಳಿದಿದ್ದು ಫೈಲಿನಲ್ಲಿ ಪಿನ್ ಹೊಡೆದಿಟ್ಟ 11 ಪುಟಗಳ ಮುದ್ರಿತ ಪಟ್ಟಿ ಮಾತ್ರ: 2023ರ ಏಪ್ರಿಲ್‌ನಿಂದ 2024ರ ಮಾರ್ಚ್‌ವರೆಗೆ ಸಂಘದಲ್ಲಿ ಮಾಡಿದ ಕೃತಕ ಗರ್ಭಧಾರಣೆಗಳ ಲೆಕ್ಕ. ಪ್ರತಿ ಪುಟದ ಮೇಲೆ ಸಂಘದ ಹೆಸರು ಮತ್ತು "ಪುಟ 4/11" ಎಂಬಂತೆ ಪುಟದ ಸಂಖ್ಯೆ ಇರುವ ಒಂದು ಸಾಲು. ಅದರ ಕೆಳಗೆ ಕಾಲಂಗಳ ತಲೆಬರಹ: ಕ್ರಮ ಸಂಖ್ಯೆ, ಸದಸ್ಯರ ಹೆಸರು, ಕಿವಿಯೋಲೆ ಸಂಖ್ಯೆ, ದಿನಾಂಕ, ಹೋರಿ ಸಂಖ್ಯೆ. ಜಾಗ ಸಾಲದೆ ಈ ತಲೆಬರಹ ಎರಡು ಸಾಲಾಗಿ ಮುರಿದಿತ್ತು, ಮೇಲೆ "ಕಿವಿಯೋಲೆ", ಕೆಳಗೆ "ಸಂಖ್ಯೆ". ಆಮೇಲೆ 25 ಹಸುಗಳ ಸಾಲು. ಕೊನೆಗೆ "ಈ ಪುಟದ ಒಟ್ಟು: 25" ಎಂಬ ಸಾಲು. ಕೊನೆಯ ಪುಟದಲ್ಲಿ ಮಾತ್ರ 9 ಹಸು. ಕ್ರಮ ಸಂಖ್ಯೆ ಪ್ರತಿ ಪುಟದಲ್ಲೂ ಮತ್ತೆ 1ರಿಂದಲೇ ಶುರು.

ಕಾರ್ಯದರ್ಶಿಯವರ ಮಗಳು ಬಿ.ಕಾಂ. ಓದುತ್ತಿದ್ದಳು. ಪಿನ್ ಬಿಚ್ಚಿ ಒಂದೊಂದೇ ಪುಟ ಸ್ಕ್ಯಾನ್ ಮಾಡಿ, ಚಿತ್ರದಿಂದ ಅಕ್ಷರ ತೆಗೆಯುವ ತಂತ್ರಾಂಶಕ್ಕೆ ಎಲ್ಲವನ್ನೂ ಒಟ್ಟಿಗೆ ಕೊಟ್ಟು, ಬಂದದ್ದನ್ನು ಎಕ್ಸೆಲ್‌ನಲ್ಲಿ ಜೋಡಿಸಿದ್ದಳು. ಕೆಲಸ ಅಚ್ಚುಕಟ್ಟಾಗಿಯೇ ಕಾಣುತ್ತಿತ್ತು. ನಾನೂ ಮೇಲಿಂದ ಮೇಲೆ ನೋಡಿ ಸಹಿ ಹಾಕಿದ್ದೆ.

ಮೊದಲ ತಪ್ಪು ಪುಟಗಳ ಕ್ರಮದ್ದು. ಚಿತ್ರಗಳಿಗೆ ಅವಳು 1, 2, 3 ಎಂದು ಹೆಸರಿಟ್ಟಿದ್ದಳು. ತಂತ್ರಾಂಶ ಹೆಸರನ್ನು ಸಂಖ್ಯೆಯಾಗಿ ನೋಡದೆ ಅಕ್ಷರದ ಹಾಗೆ ನೋಡಿತು. ನಿಘಂಟಿನಲ್ಲಿ ಮೊದಲ ಅಕ್ಷರ ನೋಡಿ ಜೋಡಿಸುತ್ತಾರಲ್ಲ, ಹಾಗೆ. 1ರಿಂದ ಶುರುವಾಗುವ ಹೆಸರುಗಳೆಲ್ಲ ಮೊದಲು ಬಂದವು: 1, 10, 11, ಆಮೇಲೆ 2, 3, 4. ಹೀಗಾಗಿ ಹತ್ತು ಮತ್ತು ಹನ್ನೊಂದನೇ ಪುಟದ 34 ಸಾಲುಗಳು, ಅಂದರೆ ವರ್ಷದ ಕೊನೆಯಲ್ಲಿ ಇಂಜೆಕ್ಷನ್ ಹಾಕಿಸಿದ ಹಸುಗಳು, ಎರಡನೇ ಪುಟಕ್ಕಿಂತ ಮೇಲೆ ಹೋಗಿ ಕುಳಿತವು.

ಇದರಿಂದ ಆ ಹಿರಿಯ ಸದಸ್ಯೆಯ ಹಸುವಿಗೆ ಏನಾಯಿತು ನೋಡಿ. ಅದಕ್ಕೆ ಮೊದಲ ಸಲ ಹಾಕಿಸಿದ್ದು 14-01-2024, ಅದು ಒಂಬತ್ತನೇ ಪುಟದಲ್ಲಿತ್ತು. ಗಬ್ಬ ನಿಲ್ಲದೆ 21 ದಿನಕ್ಕೆ ಸರಿಯಾಗಿ ಮತ್ತೆ ಬೆದೆಗೆ ಬಂದು, 04-02-2024ರಂದು ಎರಡನೇ ಸಲ ಹಾಕಿಸಿದರು. ಅದು ಹತ್ತನೇ ಪುಟದಲ್ಲಿತ್ತು. ಒಂದೇ ಹಸು ಎರಡು ಮೂರು ಸಲ ಪಟ್ಟಿಯಲ್ಲಿದ್ದರೆ ಕೊನೆಯ ಸಾಲನ್ನೇ ಹಿಡಿಯಬೇಕು, ಏಕೆಂದರೆ ಕೊನೆಯ ಸಲದ್ದೇ ನಿಂತಿರುವುದು. ಹುಡುಗಿ ಹಾಗೆಯೇ ಮಾಡಿದ್ದಳು. ಆದರೆ ಹತ್ತನೇ ಪುಟ ಮೇಲೆ ಹೋಗಿದ್ದರಿಂದ ಅವಳ ಹಾಳೆಯಲ್ಲಿ ಈ ಹಸುವಿನ ಕೊನೆಯ ಸಾಲು ಜನವರಿ 14ರದ್ದಾಗಿತ್ತು. ಹಸುವಿಗೆ 280 ದಿನದ ಲೆಕ್ಕದಲ್ಲಿ ಜನವರಿ 14ರಿಂದ ಎಣಿಸಿದರೆ ಅಕ್ಟೋಬರ್ 20, ಫೆಬ್ರವರಿ 4ರಿಂದ ಎಣಿಸಿದರೆ ನವೆಂಬರ್ 10. ಅದರಿಂದ 60 ದಿನ ಹಿಂದಕ್ಕೆ ಹೋದರೆ ಬತ್ತಿಸುವ ದಿನ ಸಿಗುತ್ತದೆ. ಇದೇ ರೀತಿ ಎಂಟು ಹಸುಗಳ ದಿನಾಂಕ ತಪ್ಪಾಗಿತ್ತು. ಒಂದೇ ಸಲಕ್ಕೆ ಗಬ್ಬ ಕಟ್ಟಿದ ಹಸುಗಳ ದಿನಾಂಕ ಮಾತ್ರ ಸರಿಯಾಗಿಯೇ ಇತ್ತು. ಅದಕ್ಕೇ ಯಾರಿಗೂ ಅನುಮಾನ ಬಂದಿರಲಿಲ್ಲ.

"ದಿನಾಂಕದ ಪ್ರಕಾರ ಜೋಡಿಸಿಬಿಟ್ಟರೆ ಆಯ್ತಲ್ಲ ಸರಿ?" ಎಂದು ಹುಡುಗಿ ಕೇಳಿದಳು. ಒಳ್ಳೆಯ ಪ್ರಶ್ನೆ. ಆದರೆ ತಂತ್ರಾಂಶ ಒಂದು ದಿನಾಂಕವನ್ನು ತಪ್ಪಾಗಿ ಓದಿ 04-02 ಅನ್ನು 04-07 ಮಾಡಿದ್ದರೆ, ದಿನಾಂಕದ ಜೋಡಣೆ ಆ ಸಾಲನ್ನು ಸದ್ದಿಲ್ಲದೆ ಬೇರೆಲ್ಲೋ ಸೇರಿಸಿಬಿಡುತ್ತದೆ, ತಪ್ಪು ಕಣ್ಣಿಗೆ ಬೀಳುವುದೇ ಇಲ್ಲ. ಕಾಗದದಲ್ಲಿದ್ದ ಕ್ರಮವನ್ನೇ ಉಳಿಸಿಕೊಂಡರೆ ಅದೇ ನಿಮಗೆ ಸಾಕ್ಷಿ. ಇಂಥ ಪಟ್ಟಿಯಲ್ಲಿ ದಿನಾಂಕ ಕೆಳಗಿಳಿದಂತೆ ಮುಂದಕ್ಕೆ ಹೋಗಬೇಕು. ಒಂದೆರಡು ದಿನ ಹಿಂದೆ ಮುಂದೆ ಆಗಿದ್ದರೆ ತಡವಾಗಿ ಬರೆದುಕೊಂಡಿರಬಹುದು. ಒಂದೇ ಒಂದು ಸಾಲು ತಿಂಗಳುಗಟ್ಟಲೆ ಹಾರಿದ್ದರೆ ಆ ದಿನಾಂಕವನ್ನು ತಪ್ಪಾಗಿ ಓದಲಾಗಿದೆ. ಇಪ್ಪತ್ತೈದು ಸಾಲು ಒಟ್ಟಿಗೆ ಹಾರಿದ್ದರೆ ಪುಟವೇ ಜಾಗ ತಪ್ಪಿದೆ.

ಆದ್ದರಿಂದ ಎರಡನೇ ಸಲ ಹೀಗೆ ಮಾಡಿದೆವು. ಪಿನ್ ಬಿಚ್ಚುವ ಮೊದಲೇ ಪ್ರತಿ ಹಾಳೆಯ ಮೂಲೆಯಲ್ಲಿ ಪೆನ್ಸಿಲ್‌ನಿಂದ 01, 02 ಎಂದು ಬರೆದೆವು. ನಿಮ್ಮ ಪಟ್ಟಿಯಲ್ಲಿ ಮುದ್ರಿತ ಪುಟ ಸಂಖ್ಯೆ ಇದ್ದರೂ ಬರೆಯಿರಿ, ಅದು ಸ್ಕ್ಯಾನ್‌ನ ಅಂಚಿನಲ್ಲಿ ಕತ್ತರಿಸಿಹೋಗುವುದುಂಟು. ಚಿತ್ರದ ಹೆಸರನ್ನೂ 01, 02 ಎಂದು ಎರಡು ಅಂಕಿಯಲ್ಲೇ ಇಟ್ಟೆವು. ಹಿಂದೊಂದು ಸೊನ್ನೆ ಇದ್ದರೆ 02 ಎಂಬುದು 10ಕ್ಕಿಂತ ಮೊದಲೇ ಬರುತ್ತದೆ. ನೂರು ಪುಟ ದಾಟಿದರೆ ಮೂರು ಅಂಕಿ. ಆಮೇಲೆ ಎಲ್ಲವನ್ನೂ ಒಟ್ಟಿಗೆ ಕೊಡದೆ ಒಂದೊಂದೇ ಪುಟ ತೆಗೆದು ಎಕ್ಸೆಲ್‌ಗೆ ಹಾಕಿ, ಎಡಗಡೆ ಎರಡು ಹೊಸ ಕಾಲಂ ಸೇರಿಸಿದೆವು. A ಕಾಲಂನಲ್ಲಿ ಪುಟ, B ಕಾಲಂನಲ್ಲಿ ಆ ಪುಟದಲ್ಲಿ ಮೇಲಿನಿಂದ ಎಷ್ಟನೇ ಸಾಲು ಎಂಬುದು. ಮುದ್ರಿತ ಕ್ರಮ ಸಂಖ್ಯೆ ಪುಟಪುಟಕ್ಕೂ 1ರಿಂದ ಶುರುವಾಗುವುದರಿಂದ ಅದೊಂದನ್ನೇ ನಂಬಿದರೆ ಹನ್ನೊಂದು "1"ಗಳು ಒಟ್ಟಿಗೆ ಬರುತ್ತವೆ. ಪುಟ ಮತ್ತು ಸಾಲು ಎರಡೂ ಸೇರಿದರೆ ಪ್ರತಿ ಹಸುವಿಗೂ ಮನೆ ವಿಳಾಸ ಸಿಕ್ಕ ಹಾಗೆ. ಹಾಳೆಯನ್ನು ಎಷ್ಟು ಸಲ ಹೇಗೆ ಜೋಡಿಸಿದರೂ ಮತ್ತೆ A, B ಪ್ರಕಾರ ಜೋಡಿಸಿ ಮೂಲಕ್ಕೆ ಮರಳಬಹುದು. ಫೋನು ಒಂದೇ ಪುಟವನ್ನು ಎರಡು ಸಲ ತೆಗೆದಿದ್ದರೂ ಒಂದೇ ಪುಟ ಸಂಖ್ಯೆಯ ಸಾಲು ಎರಡು ಪಟ್ಟು ಕಾಣುತ್ತದೆ.

ಕಿವಿಯೋಲೆ ಸಂಖ್ಯೆಯದು ಇನ್ನೊಂದು ತರಲೆ. ಅದು 12 ಅಂಕಿ. ಎಕ್ಸೆಲ್ ಅಷ್ಟು ಉದ್ದದ ಸಂಖ್ಯೆಯನ್ನು ತಾನಾಗಿ `1.0E+11` ಎಂಬಂತೆ ಚಿಕ್ಕದಾಗಿಸಿ ತೋರಿಸುತ್ತದೆ. ಸಾಲುಗಳನ್ನು ಹಾಕುವ ಮೊದಲೇ ಆ ಕಾಲಂ ಆರಿಸಿ ಅದರ ಬಗೆಯನ್ನು `Text` ಎಂದು ಮಾಡಿಕೊಂಡರೆ ಹನ್ನೆರಡೂ ಅಂಕಿ ಇದ್ದ ಹಾಗೆ ಉಳಿಯುತ್ತವೆ. ಸಂಖ್ಯೆ ಮುಂದೆ ಬೇಕಾಗುವುದರಿಂದ ಇದನ್ನು ಮೊದಲೇ ಮಾಡಿ.

ಇನ್ನು ತಲೆಬರಹದ ವಿಷಯ. ಮುದ್ರಿಸುವವರು ಪ್ರತಿ ಪುಟದಲ್ಲೂ ತಲೆಬರಹ ಹಾಕುವುದು ಓದುವವರಿಗೆ ಅನುಕೂಲವಾಗಲಿ ಎಂದು. ಆದರೆ ಹನ್ನೊಂದು ಪುಟ ಒಂದೇ ಹಾಳೆಯಾದಾಗ ತಲೆಬರಹ ಮೇಲೆ ಒಂದು ಸಲ ಸಾಕು, ಉಳಿದವು ಹಸುಗಳ ನಡುವೆ ಸಿಕ್ಕಿಕೊಂಡ ಕಸ. ಹುಡುಗಿ ಮೊದಲ ಸಲ ಅವನ್ನು ತೆಗೆಯಲು ಮೊದಲ ಪುಟದ ತಲೆಬರಹದ ಹಾಗೆಯೇ ಇರುವ ಸಾಲುಗಳನ್ನು ಹುಡುಕಿ ಅಳಿಸಿದ್ದಳು. ಆದರೆ ಸ್ಕ್ಯಾನ್ ಓದುವಾಗ ಮೂರನೇ ಪುಟದಲ್ಲೂ ಏಳನೇ ಪುಟದಲ್ಲೂ "ಕಿವಿಯೋಲೆ" ಎಂಬುದು "ಕಿವಿಯೊಲೆ" ಆಗಿತ್ತು. ದೀರ್ಘ ಒಂದು ತಪ್ಪಿತು ಅಷ್ಟೇ, ಕಂಪ್ಯೂಟರಿಗೆ ಅದು ಬೇರೆಯೇ ಸಾಲು. ಆ ಎರಡೂ ಉಳಿದುಕೊಂಡವು. ಗೋಡೆಯ ಪಟ್ಟಿಯನ್ನು ಸರಿಯಾಗಿ ಓದಿದ್ದರೆ "ಸದಸ್ಯರ ಹೆಸರು" ಎಂಬ ಹೆಸರಿನ ಸದಸ್ಯೆಯೊಬ್ಬರು ಎರಡು ಕಡೆ ಸಿಗುತ್ತಿದ್ದರು. ಸಹಿ ಹಾಕಿದ ನನಗೂ ಕಾಣಲಿಲ್ಲ.

ಎರಡನೇ ಸಲ ದಾರಿ ತಿರುಗಿಸಿದೆವು. ತಲೆಬರಹ ಹೇಗಿರುತ್ತದೆ ಎಂದು ಹುಡುಕದೆ ಹಸುವಿನ ಸಾಲು ಹೇಗಿರುತ್ತದೆ ಎಂದು ನೋಡಿದೆವು. ಹಸುವಿನ ಸಾಲಿನಲ್ಲಿ ಕಿವಿಯೋಲೆ ಕಾಲಂನಲ್ಲಿ ಹನ್ನೆರಡು ಅಂಕಿ ಇರಲೇಬೇಕು. ತಲೆಬರಹದಲ್ಲಿ, ಸಂಘದ ಹೆಸರಿನ ಸಾಲಿನಲ್ಲಿ, ಒಟ್ಟು ತೋರಿಸುವ ಸಾಲಿನಲ್ಲಿ ಹನ್ನೆರಡು ಅಂಕಿ ಬರಲು ಸಾಧ್ಯವೇ ಇಲ್ಲ, ಅಕ್ಷರ ಎಷ್ಟೇ ತಪ್ಪಾಗಿ ಓದಿರಲಿ. ನಮ್ಮ ಹಾಳೆಯಲ್ಲಿ ಕಿವಿಯೋಲೆ ಇದ್ದದ್ದು E ಕಾಲಂನಲ್ಲಿ. ಖಾಲಿಯಿದ್ದ H ಕಾಲಂನಲ್ಲಿ, ಎರಡನೇ ಸಾಲಿನಿಂದ ಕೊನೆಯವರೆಗೆ, ಈ ಸೂತ್ರ ಎಳೆದೆವು:

```
=AND(LEN(TRIM(E2))=12,ISNUMBER(--TRIM(E2)))
```

ಅಕ್ಕಪಕ್ಕದ ಖಾಲಿ ಜಾಗ ಬಿಟ್ಟು ಹನ್ನೆರಡು ಅಕ್ಷರ ಇವೆಯೇ, ಅವೆಲ್ಲ ಸೇರಿ ಸಂಖ್ಯೆಯಾಗುತ್ತದೆಯೇ ಎಂದು ಇದು ನೋಡುತ್ತದೆ. ಹೌದಾದರೆ `TRUE`, ಇಲ್ಲವಾದರೆ `FALSE`. ಸೊನ್ನೆಯ ಬದಲು ಇಂಗ್ಲಿಷ್ ಓ ಅಕ್ಷರ ಬಂದಿದ್ದರೂ ಸಿಕ್ಕಿಬೀಳುತ್ತದೆ. ಆದರೆ 3 ಅನ್ನು 8 ಎಂದು ಓದಿದ್ದರೆ ಇದಕ್ಕೆ ಗೊತ್ತಾಗುವುದಿಲ್ಲ, ಅದಕ್ಕೆ ಕಾಗದದ ಜೊತೆ ಕಣ್ಣಾಡಿಸುವುದೇ ದಾರಿ.

ಈಗ ಅವಸರ ಮಾಡಬೇಡಿ. `FALSE` ಬಂದ ಸಾಲುಗಳನ್ನೆಲ್ಲ ಒಂದೇ ಏಟಿಗೆ ಅಳಿಸುವ ಆಸೆ ಆಗುತ್ತದೆ. ಅಳಿಸುವ ಮೊದಲು ಎಷ್ಟು ಬರಬೇಕಿತ್ತು ಎಂದು ಲೆಕ್ಕ ಹಾಕಿ. ನಮ್ಮ ಪಟ್ಟಿಯ ಪ್ರತಿ ಪುಟದಲ್ಲಿ ಹಸುವಲ್ಲದ ಸಾಲು ನಾಲ್ಕು: ಸಂಘದ ಹೆಸರಿನದು ಒಂದು, ತಲೆಬರಹದ್ದು ಎರಡು, ಒಟ್ಟಿನದು ಒಂದು. ಹನ್ನೊಂದು ಪುಟಕ್ಕೆ 44. ನಮಗೆ ಬಂದ `FALSE` 47. ಹೆಚ್ಚಿಗೆ ಬಂದ ಮೂರು ಯಾವುವು? ಸೋಸಿ ಒಂದೊಂದಾಗಿ ನೋಡಿದೆವು. ಮೂರೂ ನಿಜವಾದ ಹಸುಗಳೇ. ಒಂದರ ಕಿವಿಯೋಲೆಯಲ್ಲಿ ಒಂದು ಅಂಕಿ ಬಿಟ್ಟುಹೋಗಿ ಹನ್ನೊಂದೇ ಉಳಿದಿತ್ತು, ಇನ್ನೆರಡರಲ್ಲಿ ಅಂಕಿಯ ಜಾಗದಲ್ಲಿ ಅಕ್ಷರ ಬಂದಿತ್ತು. 47ನ್ನೂ ಅಳಿಸಿದ್ದರೆ ಮೂವರು ಸದಸ್ಯೆಯರ ಹಸು ಪಟ್ಟಿಯಿಂದಲೇ ಮಾಯವಾಗುತ್ತಿತ್ತು. ಕಾಗದ ನೋಡಿ ಮೂರನ್ನೂ ತಿದ್ದಿದೆವು.

ಒಟ್ಟು ತೋರಿಸುವ ಸಾಲನ್ನೂ ಕೂಡಲೇ ಎಸೆಯಬೇಡಿ. ಅದು ಕಸವಲ್ಲ, ಕೆಲಸ ಮುಗಿಯುವವರೆಗೆ ಅದೇ ನಿಮ್ಮ ತಕ್ಕಡಿ. ಪ್ರತಿ ಪುಟದಲ್ಲಿ `TRUE` ಎಷ್ಟು ಎಂದು ಎಣಿಸಿ, ಆ ಪುಟದಲ್ಲೇ ಮುದ್ರಿಸಿದ ಒಟ್ಟಿನೊಂದಿಗೆ ಹೋಲಿಸಿ. ಆರನೇ ಪುಟಕ್ಕೆ ಹೀಗೆ:

```
=COUNTIFS(A:A,6,H:H,TRUE)
```

ನಮಗೆ ಹತ್ತು ಪುಟ ಸರಿಬಂದವು. ಆರನೇ ಪುಟದಲ್ಲಿ ಮಾತ್ರ 25ರ ಬದಲು 24. ಒಟ್ಟಾರೆ ಲೆಕ್ಕವೂ ಅದನ್ನೇ ಹೇಳುತ್ತಿತ್ತು. ಹತ್ತು ಪುಟಕ್ಕೆ 250, ಕೊನೆಯದಕ್ಕೆ 9, ಸೇರಿ 259 ಹಸು ಸಾಲು ಬರಬೇಕು. ನಮ್ಮಲ್ಲಿ 258 ಇತ್ತು. ಕಾಗದ ತೆಗೆದು ನೋಡಿದರೆ ಆ ಪುಟ ನಡುವೆ ಮಡಿಸಿದ್ದು, ಮಡಿಕೆಯ ಗೆರೆ ಹದಿಮೂರನೇ ಸಾಲಿನ ಮೇಲೆಯೇ ಹಾದುಹೋಗಿತ್ತು. ಮಬ್ಬಾದ ಆ ಸಾಲನ್ನು ತಂತ್ರಾಂಶ ಗೆರೆ ಎಂದುಕೊಂಡು ಬಿಟ್ಟೇಬಿಟ್ಟಿತ್ತು. ಕೈಯಲ್ಲೇ ಸೇರಿಸಿದೆವು. ಮೊದಲ ಸಲ ಇದೇ ಸಾಲು ಇಲ್ಲದೆಯೇ ಪಟ್ಟಿ ಗೋಡೆಗೆ ಏರಿತ್ತು, ಆ ಸದಸ್ಯೆ ಕೇಳಿಯೂ ಇರಲಿಲ್ಲ. "ನಂದು ಬರಲಿಲ್ಲ ಅಂತ ಬೇಜಾರಾಗಿತ್ತು, ಯಾರನ್ನ ಕೇಳೋದು ಅಂತ ಸುಮ್ಮನಾದೆ" ಎಂದು ಆಮೇಲೆ ಹೇಳಿದರು. ಕೇಳಿ ಅಕ್ಕ, ದಯವಿಟ್ಟು ಕೇಳಿ.

ಹಾಲಿನ ಬಿಲ್ಲಿನ ಪಟ್ಟಿಯನ್ನು ಹೀಗೆ ಏರಿಸುವವರು ಇನ್ನೂ ಒಂದು ಸಾಲಿನ ಮೇಲೆ ಕಣ್ಣಿಡಬೇಕು. ಕೆಲವು ಪಟ್ಟಿಗಳಲ್ಲಿ ಪುಟದ ಕೊನೆಗೆ "ಮುಂದಿನ ಪುಟಕ್ಕೆ" ಎಂದೂ, ಮುಂದಿನ ಪುಟದ ಮೊದಲಿಗೆ "ಹಿಂದಿನ ಪುಟದಿಂದ" ಎಂದೂ ಮೊತ್ತ ಇರುತ್ತದೆ. ಇದು ತಲೆಬರಹದ ಹಾಗಲ್ಲ. ಇದರಲ್ಲಿ ದುಡ್ಡಿನ ಅಂಕಿ ಇರುವುದರಿಂದ ಸದಸ್ಯರ ಸಾಲಿನ ಹಾಗೆಯೇ ಕಾಣುತ್ತದೆ. ಇದನ್ನು ತೆಗೆಯದೆ ಕಾಲಂ ಕೂಡಿದರೆ ಹಿಂದಿನ ಪುಟದ ಹಣ ಮತ್ತೆ ಮತ್ತೆ ಸೇರಿ ಮೊತ್ತ ಉಬ್ಬಿಬಿಡುತ್ತದೆ. ಇಲ್ಲಿ ಕಿವಿಯೋಲೆ ಇರುವುದಿಲ್ಲ, ಸದಸ್ಯರ ಸಂಖ್ಯೆ ನೋಡಿ. ಆ ಕಾಲಂ ಖಾಲಿ ಇರುವ ಸಾಲು ಸದಸ್ಯರದ್ದಲ್ಲ.

ಕೊನೆಯದಾಗಿ ಒಂದು ಗುಂಡಿಯ ಬಗ್ಗೆ ಹೇಳಲೇಬೇಕು. ಎಕ್ಸೆಲ್‌ನಲ್ಲಿ `Remove Duplicates` ಎಂದು ಇದೆ, ಒಂದೇ ತರಹದ ಸಾಲುಗಳಲ್ಲಿ ಮೊದಲನೆಯದನ್ನು ಬಿಟ್ಟು ಉಳಿದವನ್ನು ಅಳಿಸುತ್ತದೆ. ತಲೆಬರಹ ತೆಗೆಯಲು ಹಲವರು ಇದನ್ನೇ ಒತ್ತುತ್ತಾರೆ. ತಲೆಬರಹವೂ ಪೂರ್ತಿ ಹೋಗುವುದಿಲ್ಲ, ಏಕೆಂದರೆ "ಪುಟ 4/11" ಮತ್ತು "ಪುಟ 5/11" ಬೇರೆ ಬೇರೆ ಸಾಲು. ಆದರೆ ಹೋಗಬಾರದ್ದು ಹೋಗುತ್ತದೆ. ಅದೇ ಸಂಘದಲ್ಲಿ ಕರುಗಳಿಗೆ ಜಂತುಹುಳುವಿನ ಔಷಧಿ ಕುಡಿಸಿದ ಪಟ್ಟಿಯೂ ಇತ್ತು. ಕರುಗಳಿಗೆ ಇನ್ನೂ ಕಿವಿಯೋಲೆ ಹಾಕಿರಲಿಲ್ಲ, ಕ್ರಮ ಸಂಖ್ಯೆಯೂ ಇರಲಿಲ್ಲ. ಒಬ್ಬ ಸದಸ್ಯೆಯ ಹೆಸರಿನಲ್ಲಿ "ಹೆಣ್ಣು ಕರು, 3 ತಿಂಗಳು" ಎಂದು ಎರಡು ಸಾಲು, ದಿನಾಂಕವೂ ಒಂದೇ. ಅವರ ಎರಡು ಹಸುಗಳು ಒಂದೇ ವಾರದಲ್ಲಿ ಕರು ಹಾಕಿದ್ದವು. ಗುಂಡಿ ಒತ್ತಿದ್ದರೆ ಒಂದು ಕರು ಪಟ್ಟಿಯಿಂದ ಹೋಗುತ್ತಿತ್ತು. ಮುಂದಿನ ಸಲ ಔಷಧಿ ಎಷ್ಟು ಬೇಕೆಂದು ಈ ಪಟ್ಟಿ ನೋಡಿಯೇ ನಾವು ಹಂಚುವುದು. A, B ಕಾಲಂ ಇದ್ದರೆ ಈ ಭಯವೂ ಇಲ್ಲ, ಎರಡು ಕರು ಒಂದೇ ಪುಟದ ಒಂದೇ ಸಾಲಿನಲ್ಲಿ ಇರಲಾರವು.

ಕೈಬರಹದ ರಿಜಿಸ್ಟರ್ ಇದ್ದವರು ತಂತ್ರಾಂಶವನ್ನು ಅಷ್ಟಾಗಿ ನಂಬಬೇಡಿ. ಒಬ್ಬರು ಓದಿ ಹೇಳಿ ಒಬ್ಬರು ಟೈಪ್ ಮಾಡುವುದೇ ಬೇಗ ಮುಗಿಯುತ್ತದೆ. ಆಗಲೂ ಪುಟ, ಸಾಲು ಎರಡು ಕಾಲಂ ಮತ್ತು ಪುಟದ ಒಟ್ಟಿನ ಹೋಲಿಕೆ ಹಾಗೆಯೇ ಇರಲಿ. ರಿಜಿಸ್ಟರ್‌ನಲ್ಲಿ ಒಂದು ಹಸುವಿನ ವಿವರ ಎಡಪುಟದಿಂದ ಬಲಪುಟಕ್ಕೆ ಹರಿದಿದ್ದರೆ ಎರಡೂ ಪುಟಕ್ಕೆ ಒಂದೇ ಸಂಖ್ಯೆ ಕೊಡಿ, ಇಲ್ಲದಿದ್ದರೆ ಹೆಸರು ಒಂದು ಕಡೆ, ದಿನಾಂಕ ಇನ್ನೊಂದು ಕಡೆ ಆಗುತ್ತದೆ.

ಆ ಸಂಘದ ಹಳೆಯ ಪಟ್ಟಿಯನ್ನು ಅಂದೇ ಗೋಡೆಯಿಂದ ಕಿತ್ತೆವು. ಮೂರು ದಿನಕ್ಕೆ ಹೊಸದು ಅಂಟಿಸಿದರು, ಅದಕ್ಕೆ ಸಹಿ ಹಾಕುವ ಮೊದಲು ಕಾಗದದ ಹನ್ನೊಂದು ಪುಟವನ್ನೂ ಪಕ್ಕದಲ್ಲಿಟ್ಟುಕೊಂಡು ಕೂತೆ. ಹಿರಿಯ ಸದಸ್ಯೆ ಸೆಪ್ಟೆಂಬರ್ ಎರಡನೇ ವಾರದವರೆಗೆ ಹಾಲು ಹಾಕಿದರು. ಹಸು ನವೆಂಬರ್ 8ರ ಬೆಳಗಿನ ಜಾವ ಹೆಣ್ಣು ಕರು ಹಾಕಿತು.